ಮಗಳಿಗೊಂದು ಪತ್ರ: ಬಯಲಾಟದ ರಾತ್ರಿ ಸತ್ತ ಮಿಕ್ಸರ್

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಕಾಲೇಜಿನ ಕಾರ್ಯಕ್ರಮದಲ್ಲಿ ಮೈಕುಗಳ ದನಿ ಕೂಡಿಸುವ ಮಿಕ್ಸರ್ ಮುಂದೆ ನೀನೇ ಕೂರುತ್ತೀ ಎಂದು ನಿನ್ನ ಅವ್ವ ಹೇಳಿದಳು. ನನಗೆ ಇಪ್ಪತ್ತೆರಡು ವರ್ಷವಿದ್ದಾಗ ಸಿರುಗುಪ್ಪ ಕಡೆಯ ಒಂದು ಊರಿನಲ್ಲಿ ನಡೆದದ್ದನ್ನು ಅದಕ್ಕಾಗಿ ಬರೆಯುತ್ತಿದ್ದೇನೆ.

ಅಂದು ದೊಡ್ಡಾಟವಿತ್ತು. ಮಧ್ಯಾಹ್ನ ಊರಿನ ಕರೆಂಟಿನಲ್ಲಿ ಮೈಕುಗಳನ್ನೆಲ್ಲ ಪರೀಕ್ಷಿಸಿದ್ದೆ. ರಾತ್ರಿ ಜನರೇಟರ್ ಚಾಲೂ ಆಯಿತು. ಆಟಕ್ಕೆ ಇನ್ನು ಕಾಲು ಗಂಟೆಯಿದ್ದಾಗ ಮಿಕ್ಸರಿನ ಸ್ವಿಚ್ ಹಾಕಿದೆ. ದೀಪ ಒಮ್ಮೆ ಹೊಳೆದು ಆರಿತು, ಸುಟ್ಟ ವಾಸನೆ ಬಂತು. ಮೊದಲು ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್ ಎಂಬ ಕ್ರಮವನ್ನು ಪಾಲಿಸಿದ್ದರಿಂದ ಆಂಪ್ಲಿಫೈಯರುಗಳು ಇನ್ನೂ ಆಫ್ ಇದ್ದವು. ಹಾಗಾಗಿಯೇ ಅವು ಉಳಿದವು.

ಫ್ಯೂಸ್ ತೆಗೆದು ನೋಡಿದೆ. ಒಳಗಿನ ತಂತಿ ಬರೀ ತುಂಡಾಗಿದ್ದರೆ ಇನ್ನೊಂದನ್ನು ಹಾಕಿ ನೋಡುತ್ತಿದ್ದೆನೇನೋ. ಆದರೆ ಗಾಜಿನ ಒಳಮೈಯೆಲ್ಲ ಕಪ್ಪಗಾಗಿತ್ತು, ಅಂದರೆ ಒಮ್ಮೆಲೇ ಭಾರಿ ಕರೆಂಟ್ ಹರಿದಿತ್ತು. ಪಕ್ಕದಲ್ಲಿದ್ದವರೊಬ್ಬರು ತಾಮ್ರದ ಎಳೆ ಸುತ್ತಿಬಿಡು ಎಂದರು. ಅಂಥ ಸಲಹೆ ಕೊಡುವವರು ಎಲ್ಲ ಊರಿನಲ್ಲೂ ಇರುತ್ತಾರೆ. ತಲೆಯೆತ್ತಿ ನೋಡಿದಾಗ ರಂಗದ ದೀಪಗಳು ಮಂಕಾಗಿ ಹಳದಿಗಟ್ಟಿದ್ದವು, ನಮ್ಮ ಕಡೆಯ ಬಲ್ಬುಗಳು ಮಾತ್ರ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು. ಮೂರು ಫೇಸಿನ ಜನರೇಟರಿನಲ್ಲಿ ಮೂರಕ್ಕೂ ಒಂದೇ ಆಗಿರುವ ನ್ಯೂಟ್ರಲ್ ತಂತಿ ಸಡಿಲವಾದರೆ ಹೀಗೇ ಆಗುತ್ತದೆ: ಹೆಚ್ಚು ಲೋಡ್ ಇರುವ ಫೇಸಿನಲ್ಲಿ ವೋಲ್ಟೇಜ್ ಕುಸಿಯುತ್ತದೆ, ಕಡಿಮೆ ಲೋಡ್ ಇರುವುದರಲ್ಲಿ ಏರುತ್ತದೆ. ಮೀಟರ್ ಹಿಡಿದರೆ 230ರ ಜಾಗದಲ್ಲಿ 310 ತೋರಿಸಿತು.

ಬೇರೆ ಯಾವ ಪೆಟ್ಟಿಗೆಯನ್ನೂ ಜೋಡಿಸದೆ ಜನರೇಟರಿನವನ ಬಳಿಗೆ ಓಡಿದೆ. ಅವನು ಯಂತ್ರ ನಿಲ್ಲಿಸಿ ನೋಡಿದಾಗ ನ್ಯೂಟ್ರಲ್ ಬೋಲ್ಟು ಸಡಿಲಾಗಿ ಕಾದಿತ್ತು. ಬಿಗಿ ಮಾಡಿ ಚಾಲೂ ಮಾಡಿದ ಮೇಲೆ 232 ಬಂತು.

ಆದರೂ ಮಿಕ್ಸರ್ ಇಲ್ಲ. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಅದನ್ನು ನೇರವಾಗಿ ದೊಡ್ಡ ಆಂಪ್ಲಿಫೈಯರಿಗೆ ಕೊಟ್ಟರೆ ಏನೂ ಕೇಳಿಸುವುದಿಲ್ಲ. ಹಾರ್ನುಗಳಿಗೆಂದು ತಂದಿದ್ದ ಹಳೆಯ ಆಂಪ್ಲಿಫೈಯರಿನಲ್ಲಿ ನಾಲ್ಕು ಮೈಕ್ ಸಾಕೆಟ್‌ಗಳೂ ಒಂದು ಲೈನ್ ಔಟ್ ಕೂಡ ಇದ್ದವು. ಅದನ್ನೇ ಮಿಕ್ಸರ್ ಮಾಡಿಕೊಂಡು ಲೈನ್ ಔಟ್‌ನಿಂದ ದೊಡ್ಡ ಆಂಪ್ಲಿಫೈಯರಿಗೆ ವೈರ್ ಎಳೆದೆ; ಎಲ್ಲ ವಾಲ್ಯೂಮುಗಳನ್ನು ಸೊನ್ನೆಗೆ ಇಳಿಸಿ, ದೊಡ್ಡದನ್ನು ಕೊನೆಗೆ ಹಚ್ಚಿದೆ. ಒಂಬತ್ತು ಮೈಕುಗಳಿದ್ದ ಕಡೆ ಈಗ ನಾಲ್ಕು ಮಾತ್ರ. ಎರಡನ್ನು ರಂಗದ ಮುಂಭಾಗಕ್ಕೆ, ಒಂದನ್ನು ಭಾಗವತರಿಗೆ, ಒಂದನ್ನು ಹಾರ್ಮೋನಿಯಮ್ಮಿಗೆ ಇಟ್ಟೆ. ಕಂಡೆನ್ಸರ್ ಮೈಕುಗಳಿಗೆ ಬೇಕಾದ 48 ವೋಲ್ಟ್ ಆ ಹಳೆಯ ಪೆಟ್ಟಿಗೆಯಲ್ಲಿ ಇರಲಿಲ್ಲವಾದ್ದರಿಂದ ಅವುಗಳನ್ನು ಬಿಟ್ಟು ಸಾದಾ ಡೈನಾಮಿಕ್ ಮೈಕುಗಳನ್ನೇ ಹಾಕಿದೆ. ತೆರೆದ ಮೈಕು ಕಡಿಮೆಯಾದ್ದರಿಂದ ಸ್ಪೀಕರ್ ಕೂಗುವ ಕಾಟವೂ ಕಡಿಮೆಯಾಗಿ, ಮಾತು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸಿತು.

ಹತ್ತು ನಿಮಿಷ ತಡವಾಗಿ ಗಣಪತಿ ಸ್ತುತಿ ಆರಂಭವಾಯಿತು. ಮೈಕ್ ಸಿಗದ ಮದ್ದಳೆಯವರು ಮಾತ್ರ ಬೆಳಗಿನವರೆಗೂ ನನ್ನೊಡನೆ ಮಾತನಾಡಲಿಲ್ಲ.

ನಿನ್ನ ಅಪ್ಪ