ಏಳು ಹೆಬ್ಬೆಟ್ಟು, ಒಂದು ಸರ್ವರ್

ಮಾನ್ಯರೇ,

ನಮ್ಮ ತಾಲ್ಲೂಕಿನ ಉಪನೋಂದಣಿ ಕಚೇರಿಯಲ್ಲಿ ಸೋಮವಾರ ಸರ್ವರ್ ಕೈಕೊಟ್ಟ ವರದಿಯನ್ನು ಓದಿದೆ. ‘ಸಾರ್ವಜನಿಕರಿಗೆ ತುಸು ತೊಂದರೆ’ ಎಂದು ಬರೆದಿದ್ದೀರಿ. ಆ ತುಸುವಿನಲ್ಲಿ ನಾನೂ ಇದ್ದೆ.

ನಾನು ಕೊಳ್ಳುತ್ತಿರುವುದು ಒಂದು ಮೂವತ್ತು-ನಲವತ್ತರ ನಿವೇಶನ. ಮಾರುವವರು ತಾಯಿ ಮತ್ತು ಮೂವರು ಮಕ್ಕಳು. ಸಾಕ್ಷಿಗಳಿಬ್ಬರು, ನಾನೊಬ್ಬ, ಒಟ್ಟು ಏಳು ಜನ. ಇ-ಖಾತಾದಲ್ಲಿ ತಾಯಿಯ ಹೆಸರಿಗೆ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಇಲ್ಲ ಎಂದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಹಾಕಿದ್ದ ಕರಡು ಒಮ್ಮೆ ವಾಪಸು ಬಂದಿತ್ತು. ಅದನ್ನು ಸರಿಪಡಿಸಿ, ಶುಲ್ಕ ಕಟ್ಟಿದ ಮೇಲೆ ಸೋಮವಾರ 11.20ರ ಸಮಯ ಸಿಕ್ಕಿತು. ಹಿರಿಯ ಮಗ ಪುಣೆಯಿಂದ ರಾತ್ರಿ ರೈಲಿನಲ್ಲಿ ಬಂದರು. ಸಾಕ್ಷಿಯಾದ ಮೇಷ್ಟ್ರು ವರ್ಷದ ಕೊನೆಯ ಸಾಂದರ್ಭಿಕ ರಜೆ ಹಾಕಿದರು. ಇನ್ನೊಬ್ಬ ಸಾಕ್ಷಿ ದಿನಸಿ ಅಂಗಡಿಗೆ ಬಾಗಿಲು ಹಾಕಿ ಬಂದರು. ನಾಲ್ಕು ಹೆಸರಿನ ನಾಲ್ಕು ಡಿಡಿ ನನ್ನ ಜೇಬಿನಲ್ಲಿದ್ದವು.

ನಮ್ಮನ್ನು ಕರೆದದ್ದು ಎರಡೂವರೆಗೆ. ತಾಯಿಯವರು ಜೀವಮಾನವೆಲ್ಲ ಅಡಕೆ ಸುಲಿದವರು, ಹೆಬ್ಬೆರಳಿನ ಗೆರೆಗಳು ಸವೆದುಹೋಗಿವೆ. ಸೆರಗಿನಿಂದ ಒರೆಸಿ ಒರೆಸಿ ಒತ್ತಿದರು. ಐದನೇ ಸಲಕ್ಕೆ ಯಂತ್ರ ಒಪ್ಪಿತು, ಅಷ್ಟರಲ್ಲಿ ಪರದೆ ನಿಂತುಹೋಯಿತು. ಸಂಜೆ ‘ನಾಳೆ ಎಲ್ಲರೂ ಬನ್ನಿ’ ಎಂದರು. ಪುಣೆಯವರಿಗೆ ಆ ರಾತ್ರಿಯೇ ರೈಲು. ತೆಗೆದುಕೊಂಡ ಹೆಬ್ಬೆಟ್ಟು ಉಳಿದಿದೆಯೋ ಇಲ್ಲವೋ ಎಂದು ಕೇಳಿದರೆ ಯಾರಿಗೂ ತಿಳಿಯದು.

1908ರ ನೋಂದಣಿ ಕಾಯ್ದೆಯ 34ನೇ ಕಲಮಿನಲ್ಲಿ, ಬರೆದುಕೊಟ್ಟವರು ಒಟ್ಟಿಗೂ ಹಾಜರಾಗಬಹುದು, ಬೇರೆ ಬೇರೆ ಸಮಯದಲ್ಲೂ ಹಾಜರಾಗಬಹುದು ಎಂದಿದೆ. ಸಹಿ ಮಾಡಿದ ದಿನದಿಂದ ಪತ್ರ ಹಾಜರುಪಡಿಸಲು ನಾಲ್ಕು ತಿಂಗಳ ಅವಕಾಶವೂ ಇದೆ. ಹಾಗಾದರೆ ಪುಣೆಯವರ ಹಾಜರಿಯನ್ನಾದರೂ ಆವತ್ತೇ ಪಡೆಯಬಾರದಿತ್ತೆ ಎಂದರೆ, ‘ಕಾಯ್ದೆ ನಮಗೂ ಗೊತ್ತು ಸ್ವಾಮಿ, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ’ ಎಂಬ ಉತ್ತರ ಬಂತು. ನಡೆಯಲಾಗದವರ ಮನೆಗೆ ಅಧಿಕಾರಿ ಬರಲು ಅದೇ ಕಾಯ್ದೆಯಲ್ಲಿ ಅವಕಾಶವಿದೆಯಲ್ಲ ಎಂದದ್ದಕ್ಕೆ ನಕ್ಕರು.

2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದೆ. ನಮ್ಮ ಕಚೇರಿಯ ಬೆಂಚು ಮಾತ್ರ ಅಂದೂ ಎರಡು, ಇಂದೂ ಎರಡು. ಶೌಚಾಲಯಕ್ಕೆ ಬೀಗ, ಬೀಗದ ಕೈ ಊಟಕ್ಕೆ ಹೋದವರ ಬಳಿ. ಹತ್ತು ವರ್ಷದ ಹಿಂದೆ ಋಣಭಾರ ಪತ್ರಕ್ಕೆ ಇದೇ ಕಚೇರಿಗೆ ಮೂರು ಸಲ ಅಲೆದಿದ್ದೆ, ಆಗ ಪುಸ್ತಕ ಸಿಗುತ್ತಿರಲಿಲ್ಲ, ಈಗ ಸರ್ವರ್ ಸಿಗುವುದಿಲ್ಲ.

ಸಂಬಂಧಪಟ್ಟವರು ಕೂಡಲೇ ಸರ್ವರ್ ಸರಿಪಡಿಸಲಿ, ಇಲ್ಲವೇ ಹಳೆಯ ಶಾಯಿ ಡಬ್ಬಿಯನ್ನೇ ಹೊರತೆಗೆಯಲಿ. ಅಥವಾ ಮೇಷ್ಟ್ರ ರಜೆಯನ್ನಾದರೂ ಅವರೇ ತುಂಬಿಕೊಡಲಿ.

— ನೊಂದ ಓದುಗ