ಕ್ಲಾಂಪ್ ಬಿಚ್ಚುವ ಭಯ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಮನೆಯ ಸಮಾಚಾರ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡು. ನಿನ್ನ ಕಾಗದದ ಒಂದು ಮಾತು ಮನಸ್ಸಿನಲ್ಲೇ ಕೂತುಬಿಟ್ಟಿದೆ. ‘ಮಾವ, ವೆಲ್ಡಿಂಗ್ ಮಾಡೋಕೆ ಭಯ ಇಲ್ಲ, ಕ್ಲಾಂಪ್ ಬಿಚ್ಚೋಕೇ ಭಯ. ರಾತ್ರಿಯೆಲ್ಲ ಬಿಗಿದಿಟ್ಟು ಬೆಳಿಗ್ಗೆ ಬಿಚ್ತೀನಿ, ಆದರೂ ಶೀಟು ಎದ್ದೇಳುತ್ತೆ’ ಅಂತ ಬರೆದಿದ್ದೀಯ.

ರಾತ್ರಿಯೆಲ್ಲ ಯಾಕಪ್ಪ ಇಡುತ್ತೀಯ? ಬಿಸಿ ಇರುವಾಗಲೇ ಬಿಚ್ಚಿದರೆ ಕೆಡುತ್ತದೆ, ನಿಜ. ಆದರೆ ಶೀಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆ ಅನ್ನಿಸಿದ ಮೇಲೆ ಆಗ ಬಿಚ್ಚಿದರೂ ಒಂದೇ, ನಾಳೆ ಬಿಚ್ಚಿದರೂ ಒಂದೇ. ಆಗಬೇಕಾದದ್ದು ಅಷ್ಟರಲ್ಲಿ ಆಗಿಹೋಗಿರುತ್ತದೆ. ನಿನ್ನ ಭಯ ತಪ್ಪು ಜಾಗದಲ್ಲಿದೆ ಅನ್ನಿಸುತ್ತದೆ ನನಗೆ.

ಒಂದು ಮೀಟರ್ ಉದ್ದದ ಉಕ್ಕು ನೂರು ಡಿಗ್ರಿ ಬಿಸಿ ಏರಿದರೆ ಸುಮಾರು 1.2 ಮಿಲಿಮೀಟರ್ ಬೆಳೆಯುತ್ತದೆ. ಬೆಸುಗೆಯ ಪಕ್ಕದ ಲೋಹಕ್ಕೆ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ ತಾಗುತ್ತದಲ್ಲ, ಅದು ಉದ್ದಕ್ಕೆ ಬೆಳೆಯಲು ಹೋದರೆ ಸುತ್ತಲಿನ ತಣ್ಣನೆಯ ಶೀಟು ಬಿಡುವುದಿಲ್ಲ. ಮೆತ್ತಗಾಗಿರುವ ಲೋಹ ತನ್ನೊಳಗೇ ಒತ್ತಿಕೊಂಡು ಕೂರುತ್ತದೆ. ಆರಿದಾಗ ಮೊದಲಿಗಿಂತ ಗಿಡ್ಡವಾಗಿರುತ್ತದೆ. ದಾರ ಜಗ್ಗಿ ಹೊಲಿದ ಬಟ್ಟೆ ನೆರಿಗೆ ಬೀಳುವ ಹಾಗೆ ಅದು ಉಳಿದ ಶೀಟನ್ನು ಎಳೆಯುತ್ತದೆ. ದಪ್ಪ ಪ್ಲೇಟಾದರೆ ತಡೆದುಕೊಂಡೀತು, ನಿನ್ನ 16 ಗೇಜಿನ ಶೀಟು ಬಾಗಿಬಿಡುತ್ತದೆ. ಕ್ಲಾಂಪ್ ಆ ಎಳೆತವನ್ನು ಅಳಿಸುವುದಿಲ್ಲ. ಬಿಸಿಯಲ್ಲಿ ಶೀಟು ಜಾಗ ಬಿಡದಂತೆ ಹಿಡಿದಿರುತ್ತದೆ, ಅಷ್ಟೇ. ಬಿಚ್ಚಿದಾಗ ಸ್ವಲ್ಪ ಏಳುವುದು ಇದ್ದದ್ದೇ.

ಪೀಣ್ಯದಲ್ಲಿ ನಾನು ಮೆಷಿನ್ ಕವರ್ ಮಾಡುತ್ತಿದ್ದ ಕಾಲದಲ್ಲಿ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. ಎರಡು ಶೀಟು ಸೇರಿಸುವಾಗ ಶೀಟು ಅಲುಗದಂತೆ ಮೊದಲು ಹಾಕುವ ಬೆಸುಗೆಯ ಚುಕ್ಕೆ, ಅದೇ ಟ್ಯಾಕ್, ಅವರದು ಯಾವಾಗಲೂ ನಟ್ಟನಡುವೆ ಶುರು. 600 ಮಿಲಿಮೀಟರ್ ಜೋಡಣೆ ಅಂದುಕೋ. 300ರಲ್ಲಿ ಒಂದು ಚುಕ್ಕೆ, ಆಮೇಲೆ ಎಡಕ್ಕೆ 40 ಬಿಟ್ಟು ಒಂದು, ಬಲಕ್ಕೆ 40 ಬಿಟ್ಟು ಇನ್ನೊಂದು, ಹೀಗೆ ಎರಡೂ ತುದಿಯ ಕಡೆಗೆ. ಪ್ರತಿ ಚುಕ್ಕೆಗೂ ಜೋಡಣೆಯ ಮೇಲೆ ಉಗುರು ಅಡ್ಡ ಎಳೆದು ನೋಡೋರು. ಉಗುರು ತಡೆದರೆ ಮುಂದಿನ ಚುಕ್ಕೆ ಇಲ್ಲ, ಮೊದಲು ಮಟ್ಟ ಮಾಡಬೇಕು. ‘ಎರಡೂ ತುದಿ ಕಟ್ಟಿಹಾಕಿದರೆ ನಡುವಿನದು ಎಲ್ಲಿಗೆ ಹೋಗಬೇಕು?’ ಅನ್ನೋರು. ಒಂದು ತುದಿಯಿಂದ ಸಾಲಾಗಿ ಹೊರಟರೆ ಮುಂದಿನ ಸಂದಿ ಮುಚ್ಚಿಕೊಂಡು ಅಂಚು ಒಂದರ ಮೇಲೊಂದು ಏರುತ್ತದೆ, ಇಲ್ಲವೇ ಬಾಯಿ ಬಿಡುತ್ತದೆ. ಅವರಿಂದ ಇನ್ನೂ ಎಷ್ಟೋ ಕೇಳಿಕೊಳ್ಳಬೇಕಿತ್ತು. ಊಟದ ಹೊತ್ತಿನಲ್ಲೂ ನಾನು ಸುಮ್ಮನೆ ಕೂತಿರುತ್ತಿದ್ದೆ, ಈಗ ಅವರೂ ಇಲ್ಲ.

ನೀನು ಕ್ಲಾಂಪ್ ಎಲ್ಲಿ ಹಾಕುತ್ತೀಯ ಅಂತ ಬರೆದಿಲ್ಲ. ನಾಲ್ಕು ಮೂಲೆಗೆ ಸಿ-ಕ್ಲಾಂಪ್ ಹಾಕಿ ಬಿಗಿದಿದ್ದರೆ ಅದು ಮೇಜಿಗೆ ಹಿಡಿದಿದೆಯೇ ಹೊರತು ಬೆಸುಗೆಗಲ್ಲ. ಜೋಡಣೆಯ ಎರಡೂ ಕಡೆ ಬೆರಳಗಲ ಬಿಟ್ಟು ಉದ್ದಕ್ಕೂ ಕಬ್ಬಿಣದ ಆಂಗಲ್ ಇಟ್ಟು ಅದರ ಮೇಲೆ ಬಿಗಿ. ಕೆಳಗೆ ತಾಮ್ರದ ಪಟ್ಟಿ ಸಿಕ್ಕರೆ ಇಡು. ಬಿಸಿಯನ್ನು ಹೀರುತ್ತದೆ, ಬೆಸುಗೆ ಅಂಟುವುದಿಲ್ಲ. ಓನರ್ ಕೊಡಿಸುತ್ತಾರೋ ಇಲ್ಲವೋ, ದೂರದಲ್ಲಿ ಕೂತು ಹೇಳುವುದು ಸುಲಭ.

ಇನ್ನೊಂದು, ಸಂದಿ ಅಗಲವಾಗಿದ್ದರೆ ತುಂಬಬೇಡ, ಅಂಚನ್ನೇ ಸರಿ ಮಾಡಿಕೋ. ತುಂಬಿದ ಲೋಹ ಹೆಚ್ಚಾದಷ್ಟೂ ಎಳೆತ ಹೆಚ್ಚು. ಟ್ಯಾಕ್ ಮುಗಿದ ಮೇಲೆ ಒಂದೇ ಓಟದಲ್ಲಿ ಎಳೆಯಬೇಡ. 25-30 ಮಿಲಿಮೀಟರ್ ಒಂದು ಕಡೆ, ಆಮೇಲೆ ದೂರದಲ್ಲಿ ಇನ್ನೊಂದು ಕಡೆ. ಮುಂದೆ ಶುರುಮಾಡಿ ಹಿಂದಕ್ಕೆ ಬಂದು ಹಳೆಯದಕ್ಕೆ ಸೇರಿಸು. ಇದೆಲ್ಲ ನಿನಗೆ ಗೊತ್ತಿದ್ದರೆ ಮುದುಕ ಕೊರೆಯುತ್ತಾನೆ ಅಂದುಕೊಳ್ಳಬೇಡ.

ಇಷ್ಟಾದರೂ ಬಿಚ್ಚಿದಾಗ ನಡುವೆ ಉಬ್ಬಿ, ಒತ್ತಿದರೆ ಟಕ್ ಅಂತ ಆಚೆ ಹೋಗುತ್ತದೆ ಅನ್ನು. ಭಯಕ್ಕೆ ಸುತ್ತಿಗೆ ಎತ್ತಿ ಉಬ್ಬಿನ ಮೇಲೆ ಹೊಡೆಯುತ್ತೀಯೇನೋ ಅನ್ನುವುದೇ ನನ್ನ ಚಿಂತೆ. ಹೊಡೆದಷ್ಟೂ ಅಲ್ಲಿ ಲೋಹ ಇನ್ನೂ ಹಿಗ್ಗುತ್ತದೆ. ಗಿಡ್ಡವಾಗಿರುವುದು ಬೆಸುಗೆ ಕಣೋ, ಅದನ್ನು ಹಿಗ್ಗಿಸಬೇಕು. ಮೇಲಿನ ಗಂಟನ್ನು ಗ್ರೈಂಡರಿನಲ್ಲಿ ಇಳಿಸಿ, ಕೆಳಗೆ ಭಾರದ ಕಬ್ಬಿಣ ಆನಿಸಿ, ಬೆಸುಗೆಯ ಮೇಲೆ ಮಾತ್ರ ಹಗುರವಾಗಿ ತಟ್ಟುತ್ತಾ ಹೋಗು. ಪೂರ್ತಿ ಹೋಗದಿದ್ದರೂ ಇಳಿಯುತ್ತದೆ. ಸಿಓಟೂ ಗ್ಯಾಸಿನಲ್ಲಿ ಮಾಡಿದ ಬೆಸುಗೆ ಗಟ್ಟಿ, ಜೋರಾಗಿ ಹೊಡೆದರೆ ಬಿರುಕು ಬಿಟ್ಟೀತು.

ಚಿಕ್ಕವನಿದ್ದಾಗ ನೀನು ಶೆಡ್ಡಿಗೆ ಬರುತ್ತೇನೆ ಅಂತ ಹಟ ಮಾಡುತ್ತಿದ್ದೆ. ಕಣ್ಣಿಗೆ ಬೆಳಕು ಹೊಡೆಯುತ್ತದೆ ಅಂತ ನಾನೇ ಗದರಿಸಿ ಕಳಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಒಂದು ವೆಲ್ಡಿಂಗ್ ಗ್ಲಾಸು ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಹುದಿತ್ತು.

ಮುಂದಿನ ಸಲ ಎಲ್ಲ ಕ್ಲಾಂಪನ್ನೂ ಒಟ್ಟಿಗೆ ಬಿಚ್ಚಬೇಡ. ಒಂದು ತುದಿಯಿಂದ ಒಂದೊಂದೇ ಸಡಿಲಿಸಿ, ಮೇಲೆ ನೇರ ಪಟ್ಟಿ ಇಟ್ಟು ಬೆಳಕು ಎಲ್ಲಿ ಕಾಣುತ್ತದೆ ನೋಡು. ಜೋಡಣೆಯಲ್ಲೇ ಮಡಚಿದೆಯೋ, ಅಂಚು ಅಲೆಯಾಗಿದೆಯೋ, ನಡುವೆ ಉಬ್ಬಿದೆಯೋ ಬರೆದು ಕಳಿಸು. ಟ್ಯಾಕ್ ಹಾಕಿದ ಕ್ರಮವನ್ನೂ ಬರೆ.

ಇಂತಿ ನಿನ್ನ ಮಾವ