ಡೆಂಗಿ ಭಿತ್ತಿಪತ್ರದ ಮರುಬರಹ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಡೆಂಗಿ ಭಿತ್ತಿಪತ್ರದ ಕರಡಿನಲ್ಲಿ ರೋಗಲಕ್ಷಣ, ಸೊಳ್ಳೆಪರದೆ, ಮೈತುಂಬ ಬಟ್ಟೆ, ನೀರಿನ ಸಂಗ್ರಹ ಎಲ್ಲವೂ ಒಂದೇ ಗಾತ್ರದ ಅಕ್ಷರಗಳಲ್ಲಿವೆ. ಇವುಗಳಲ್ಲಿ ಯಾವುದೂ ತಪ್ಪಲ್ಲ. ಆದರೆ ದಾರಿಹೋಕರು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನೋಡುವುದಿಲ್ಲವಾದ್ದರಿಂದ ಯಾವುದೊಂದೂ ಅವರ ನೆನಪಿನಲ್ಲಿ ಉಳಿಯಲಾರದು.

ಆದ್ದರಿಂದ “ಪರಿಸರವನ್ನು ಸ್ವಚ್ಛವಾಗಿಡಿ” ಎಂಬ ಶೀರ್ಷಿಕೆಯನ್ನು ಕೈಬಿಟ್ಟು, “ಪ್ರತಿ ಭಾನುವಾರ ನೀರಿನ ಡ್ರಮ್ ಖಾಲಿ ಮಾಡಿ, ಉಜ್ಜಿ ತೊಳೆಯಿರಿ” ಎಂದು ಬರೆಯೋಣ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹೊರಬಂದು ಹಾರುವ ಹಂತ ತಲುಪಲು ಸಾಮಾನ್ಯವಾಗಿ 7ರಿಂದ 10 ದಿನ ಬೇಕಾಗುವುದರಿಂದ ವಾರಕ್ಕೊಮ್ಮೆ ಎಂಬ ಲೆಕ್ಕ ಹೊಂದುತ್ತದೆ. ದಿನದ ಹೆಸರನ್ನೇ ಹೇಳಿದರೆ ನೆನಪಿಡುವುದೂ ಸುಲಭ. ಮೊಟ್ಟೆಗಳು ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹಾಗಾಗಿ ಜಾಗ ಸಾಲದೆಂದು “ಉಜ್ಜಿ” ಎಂಬುದನ್ನು ದಯವಿಟ್ಟು ತೆಗೆಯಬೇಡಿ. ಈ ಕಾರಣಗಳು ನಮಗಾಗಿ ಮಾತ್ರ, ಭಿತ್ತಿಪತ್ರದಲ್ಲಿ ಬೇಡ.

ದೊಡ್ಡ ಸೊಳ್ಳೆಯ ಚಿತ್ರವು ಭಯವನ್ನಷ್ಟೇ ಹೇಳುತ್ತದೆ (ನೋಡಲು ಚೆನ್ನಾಗಿದೆ, ಒಪ್ಪುತ್ತೇನೆ). ಅದರ ಬದಲು ಡ್ರಮ್ಮಿನ ಒಳಮೈಯನ್ನು ಉಜ್ಜುತ್ತಿರುವ ಕೈಯ ಚಿತ್ರವಿರಲಿ. ಮೂರು ಮೀಟರ್ ದೂರದಿಂದ ಸಲೀಸಾಗಿ ಓದಲು ಶೀರ್ಷಿಕೆಯ ಅಕ್ಷರಗಳು ಸುಮಾರು 2.5 ಸೆಂಟಿಮೀಟರ್ ಎತ್ತರವಿರಬೇಕು, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರವೂ ಬೇಕು.

ಮುದ್ರಣಕ್ಕೆ ಮೊದಲು, ಇದನ್ನು ಕಂಡಿರದ ಕೆಲವರಿಗೆ ಮೂರು ಸೆಕೆಂಡು ತೋರಿಸಿ ಮರೆಮಾಡಿ, ಏನು ಮಾಡಬೇಕು, ಯಾವಾಗ ಎಂದು ಕೇಳಿ. “ಡೆಂಗಿ ಬಗ್ಗೆ ಏನೋ ಇತ್ತು” ಎಂಬ ಉತ್ತರ ಬಂದರೆ ಕರಡನ್ನು ಮತ್ತೆ ತಿದ್ದಬೇಕು. ಉತ್ತರಗಳನ್ನು ಅವರಾಡಿದ ಮಾತಿನಲ್ಲೇ ಇಲ್ಲಿ ಹಾಕಿ.